ಕಂಬ ಒಂದೇ, ಸಂಖ್ಯೆ ಎರಡು

ಹೋದ ತಿಂಗಳು ಒಂದು ಸಂಜೆ ಮೊಮ್ಮಗಳು ಶಾಲೆಯಿಂದ ಬಂದವಳೇ ಬ್ಯಾಗನ್ನು ದಿವಾನದ ಮೇಲೆಸೆದು ಪ್ರಾಜೆಕ್ಟ್ ಪುಸ್ತಕವನ್ನು ನನ್ನ ಮುಂದೆ ಹಿಡಿದಳು. ಹಾಸನದಲ್ಲಿ ಒಂಬತ್ತನೇ ಕ್ಲಾಸು ಓದುವ ಹುಡುಗಿ. ಶ್ರವಣಬೆಳಗೊಳದ ಮೇಲೆ ನಾಲ್ಕು ಪುಟ ಬರೆದಿದ್ದಳು, ಬಣ್ಣದ ಚಿತ್ರ ಅಂಟಿಸಿದ್ದಳು. ಟೀಚರು ಪ್ರತಿ ಪುಟದ ಅಂಚಿನಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಪದ ಬರೆದಿದ್ದರು: "ಮೂಲ?" "ತಾತ, ಪುಸ್ತಕದ ಹೆಸರೆಲ್ಲ ಕೊನೇ ಪುಟದಲ್ಲಿ ಬರ್ದಿದೀನಲ್ಲ, ಇನ್ನೇನು ಬೇಕಂತೆ ಇವ್ರಿಗೆ?" ಅಂದಳು. ನನಗೆ ಅರವತ್ತು ವರ್ಷದ ಹಿಂದಿನ ಇನ್ನೊಂದು ಕೆಂಪು ಶಾಯಿ ಕಣ್ಣಿಗೆ ಬಂತು. ಆ ಪುಸ್ತಕ ನನ್ನದಾಗಿತ್ತು, ಊರು ಹೊಳೆನರಸೀಪುರವಾಗಿತ್ತು.

ನಮ್ಮಪ್ಪ ರೆವಿನ್ಯೂ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ವರ್ಗ ಆದಾಗಲೆಲ್ಲ ಹಂಡೆ, ಒಳಲೆ, ಶ್ಯಾವಿಗೆ ಒರಳು, ಅಮ್ಮನ ಉಪ್ಪಿನಕಾಯಿ ಜಾಡಿ ಎಲ್ಲ ಗಾಡಿ ಹತ್ತುತ್ತಿದ್ದವು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಕಡೆಗೆ ಹಾಸನ, ಹೀಗೆ ನಾಲ್ಕು ಊರಿನ ನೀರು ಕುಡಿದು ನಾನು ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದೆ. ಈಗ ಕಾರಿನಲ್ಲಿ ಒಂದು ಹಗಲಿನಲ್ಲಿ ನಾಲ್ಕೂ ಊರು ಸುತ್ತಿ ಬರಬಹುದು. ಆಗ ಒಂದೊಂದು ಊರೂ ಒಂದೊಂದು ದೇಶವಾಗಿತ್ತು. ಬರೆದ ಮಾತಿನ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂದು ಬರೆಯಬೇಕು ಅನ್ನುವುದನ್ನು ನಾನು ಈ ನಾಲ್ಕೂ ಊರಿನಲ್ಲಿ ಚೂರು ಚೂರಾಗಿ ಕಲಿತೆ.

ಮೊದಲ ಚೂರು ಅರಕಲಗೂಡಿನದು. ಬೀದಿಯ ಕೊನೆಯ ತೊಟ್ಟಿಮನೆಯಲ್ಲಿ ವಯಸ್ಸಾದ ಶಾನುಭೋಗರೊಬ್ಬರಿದ್ದರು. ಅವರ ಪಡಸಾಲೆಯ ನಾಗಂದಿಗೆಯ ಮೇಲೆ ಕಡತಗಳಿದ್ದವು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಬೀಸಣಿಗೆಯ ಹಾಗೆ ಮಡಿಸಿದ ಕಪ್ಪು ಪುಸ್ತಕ ಅದು. ಬಳಪದಲ್ಲಿ ಬರೆದರೆ ಅಕ್ಷರ ಬೆಳ್ಳಗೆ ಮೂಡುತ್ತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತಿತ್ತು. ಬಿಚ್ಚಿದಾಗ ಹಳೇ ಹುಣಸೆಯ ಒಗರು ವಾಸನೆ ಏಳುತ್ತಿತ್ತು. ಅವರು ಒಮ್ಮೆ ಹಳೆಯ ಒಂದು ಪುಟ ಓದಿ ತೋರಿಸಿದರು. ಯಾರದೋ ಹೊಲದ ಎಲ್ಲೆಯ ಲೆಕ್ಕ. ಸಾಲಿನ ಕೊನೆಗೆ ಪಟೇಲರ ಹೇಳಿಕೆ ಮೇರೆಗೆ ಎಂದು ಬರೆದು ತಿಥಿ ಹಾಕಿತ್ತು. ಅದರ ಕೆಳಗಿನ ಸಾಲಿಗೆ ಬೇರೆಯವರ ಹೇಳಿಕೆ, ಬೇರೆ ತಿಥಿ. "ಎಲ್ಲಾರ ಹೆಸರ್ನೂ ಕೊನೇಲಿ ಒಟ್ಟಿಗೆ ಬರೆದ್ರೆ ಆಗಲ್ವಾ ತಾತ?" ಎಂದು ಕೇಳಿದೆ. "ಆಗ ಯಾವ ಎಲ್ಲೆ ಯಾರ ಮಾತು ಅಂತ ಹೆಂಗ್ ಗೊತ್ತಾಗ್ಬೇಕು ಮಗ?" ಅಂದರು. ಎಂಟು ವರ್ಷದ ನನಗೆ ಅದರಲ್ಲಿ ರುಚಿ ಹತ್ತಲಿಲ್ಲ, ಅವರ ಹೆಂಡತಿ ಕೊಡುವ ಹುರಿಗಾಳಿನ ಮೇಲೆ ಕಣ್ಣಿತ್ತು.

ಹೊಳೆನರಸೀಪುರದಲ್ಲಿ ಎಂಟನೇ ಕ್ಲಾಸಿಗೆ ಬಂದಾಗ ನನಗೆ ಪ್ರಬಂಧ ಬರೆಯುವ ಹುಚ್ಚು ಹಿಡಿಯಿತು. ನಲವತ್ತು ಪುಟದ ನೋಟುಬುಕ್ಕಿಗೆ ಇಪ್ಪತ್ತು ಪೈಸೆ, ಇಂಕಿನ ಮಾತ್ರೆಗೆ ಮೂರು ಪೈಸೆ. ಮಾತ್ರೆಯನ್ನು ದವತಿಯಲ್ಲಿ ಹಾಕಿ ಬಿಸಿನೀರು ಬಿಟ್ಟರೆ ನೀಲಿ ಶಾಯಿ ಆಗುತ್ತಿತ್ತು, ಕಬ್ಬಿಣದ ತುಕ್ಕಿನಂಥ ವಾಸನೆ ಬರುತ್ತಿತ್ತು. ಹೇಮಾವತಿ ನದಿಯ ಮೇಲೆ ಪ್ರಬಂಧ ಬರೆಯಲು ಹೇಳಿದರು. ನಾನು ಅಂಗಡಿಯಿಂದ ಒಂದೂಕಾಲು ರೂಪಾಯಿಯ ಗೈಡು ತಂದು ಅದರ ವಾಕ್ಯಗಳನ್ನು ನನ್ನ ವಾಕ್ಯಗಳ ನಡುನಡುವೆ ಹೊಲಿದೆ. ಹೊಲಿಗೆ ಕಾಣುವುದಿಲ್ಲವೆಂದು ನಂಬಿದ್ದೆ. ಮೇಷ್ಟ್ರು ಸರಿಯಾಗಿ ಆ ವಾಕ್ಯಗಳ ಕೆಳಗೇ ಕೆಂಪು ಗೆರೆ ಎಳೆದು "ಯಾರು ಹೇಳಿದ್ದು?" ಎಂದು ಬರೆದರು. ನಾನು ಬಹಳ ಜಾಣತನದಿಂದ ಕೊನೆಯಲ್ಲಿ ಗೈಡಿನ ಹೆಸರು ಬರೆದು ಮತ್ತೆ ಒಪ್ಪಿಸಿದೆ. ಅವರು ನನ್ನನ್ನು ಕರೆದು ಕೂರಿಸಿಕೊಂಡರು. "ನಿಂದು ಹದಿನಾಲ್ಕು ವಾಕ್ಯ ಐತೆ ಕಣೋ. ಇದ್ರಲ್ಲಿ ನಿಂದೆಷ್ಟು, ಅವರದೆಷ್ಟು? ನಂಗೆ ಗೊತ್ತಾಗ್ಬೇಕಾದ್ದು ಅದು."

ಮೊಮ್ಮಗಳಿಗೂ ನಾನು ಮೊದಲು ಹೇಳಿದ್ದು ಇದನ್ನೇ. ಕೊನೆಯ ಪುಟದ ಪಟ್ಟಿ ನೀನು ಏನೇನು ಓದಿದೆ ಅಂತ ಹೇಳುತ್ತದೆ. ಯಾವ ವಾಕ್ಯ ಯಾವ ಪುಸ್ತಕದ್ದು ಅಂತ ಅದು ಹೇಳುವುದಿಲ್ಲ. ಅದಕ್ಕೆ ವಾಕ್ಯದ ಪಕ್ಕದಲ್ಲೇ ಸಣ್ಣ ಆವರಣ ಬೇಕು. ಅದರೊಳಗೆ ಬರೆದವರ ಹೆಸರು, ಪುಸ್ತಕ ಅಚ್ಚಾದ ವರ್ಷ, ಬೇಕಾದಾಗ ಪುಟ. ಓದುವವರು ಹೆಸರು ಹಿಡಿದುಕೊಂಡು ಕೊನೆಯ ಪಟ್ಟಿಗೆ ಹೋದರೆ ಅಲ್ಲಿ ಪೂರ್ತಿ ವಿವರ ಸಿಗಬೇಕು. ಆವರಣದಲ್ಲಿ ಇರುವ ಹೆಸರು ಪಟ್ಟಿಯಲ್ಲಿ ಇರಲೇಬೇಕು, ಪಟ್ಟಿಯಲ್ಲಿ ಇರುವ ಹೆಸರು ಎಲ್ಲಾದರೂ ಒಂದು ಆವರಣದಲ್ಲಿ ಬಂದಿರಲೇಬೇಕು. ಬರಹವೆಲ್ಲ ಮುಗಿದ ಮೇಲೆ ಎರಡನ್ನೂ ಎದುರುಬದುರು ಇಟ್ಟುಕೊಂಡು ಒಂದೊಂದಕ್ಕೂ ಗುರುತು ಹಾಕಿದರೆ ಬಿಟ್ಟುಹೋದದ್ದು ತಾನಾಗಿ ಕಾಣುತ್ತದೆ.

ಮೂರನೆಯ ಊರು ಚನ್ನರಾಯಪಟ್ಟಣ. ಅಲ್ಲಿ ನಮ್ಮ ಮನೆಯ ಹಿಂದೆ ತೆಂಗಿನ ಮಟ್ಟೆ ನೆನೆಹಾಕುವ ಗುಂಡಿಯಿತ್ತು, ಗಾಳಿ ಆ ಕಡೆಯಿಂದ ಬೀಸಿದರೆ ಊಟ ಸೇರುತ್ತಿರಲಿಲ್ಲ. 1966ರಲ್ಲಿ ನಮ್ಮ ಚರಿತ್ರೆ ಮೇಷ್ಟ್ರು ಬೆಳಗೊಳಕ್ಕೆ ಕರೆದುಕೊಂಡು ಹೋದರು. ಬಸ್ಸಿಗೆ ಮೂವತ್ತೈದು ಪೈಸೆ, ಅಮ್ಮ ಕಟ್ಟಿಕೊಟ್ಟ ಹುಳಿಯನ್ನ ಮುತ್ತುಗದ ಎಲೆಯಲ್ಲಿ. ಮರುವರ್ಷ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕವಿತ್ತು, ಊರಿನಲ್ಲೆಲ್ಲ ಅದೇ ಮಾತು. ನಾವೆಲ್ಲ ದೊಡ್ಡಬೆಟ್ಟಕ್ಕೆ ಓಡಲು ಕಾದಿದ್ದರೆ ಮೇಷ್ಟ್ರು ಮೊದಲು ಚಿಕ್ಕಬೆಟ್ಟ ಹತ್ತಿಸಿದರು. ಪಾರ್ಶ್ವನಾಥ ಬಸದಿಯೊಳಗೆ ಒಂದು ಕಂಬದ ಮುಂದೆ ನಿಲ್ಲಿಸಿ, ಇದು ಮಲ್ಲಿಷೇಣ ಪ್ರಶಸ್ತಿ, ಮಲ್ಲಿಷೇಣರೆಂಬ ಮುನಿ ಸಲ್ಲೇಖನ ಮಾಡಿ ದೇಹ ಬಿಟ್ಟದ್ದನ್ನು ಹೇಳುವ ಶಾಸನ, ಸಂಖ್ಯೆ 54 ಅಂದರು. ನಾನು ನೋಟುಬುಕ್ಕಿನಲ್ಲಿ 54 ಎಂದು ಬರೆದು ಸುತ್ತ ಒಂದು ವೃತ್ತ ಎಳೆದೆ. ಕಲ್ಲಿನ ತಂಪು, ಬಾವಲಿಯ ವಾಸನೆ, ಆ 54 ಮೂರೂ ತಲೆಯಲ್ಲಿ ಉಳಿದವು.

ಆ ಶಾಸನದಲ್ಲಿ ವರ್ಷವನ್ನು ಅಂಕಿಯಲ್ಲಿ ಬರೆದಿಲ್ಲ. ಸೊನ್ನೆ, ಬಾಣ, ಆಕಾಶ, ಭೂಮಿ ಎಂಬ ಅರ್ಥದ ಮಾತುಗಳಲ್ಲಿ ಹೇಳಿದೆ. ಮನ್ಮಥನ ಬಾಣ ಐದು, ಆಕಾಶ ಬಯಲಾದ್ದರಿಂದ ಸೊನ್ನೆ, ಭೂಮಿ ಒಂದು. ಇದನ್ನು ಹಿಂದಿನಿಂದ ಮುಂದಕ್ಕೆ ಓದಿದರೆ 1050, ಶಕ ವರ್ಷ. ಮೇಷ್ಟ್ರು ನಮ್ಮಿಂದಲೇ ಲೆಕ್ಕ ಮಾಡಿಸಿದರು. ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಅಂತ ಹುಡುಗರೆಲ್ಲ ಕೂಗಿ 1128 ಎಂದೆವು. ಮೇಷ್ಟ್ರು ತಲೆಯಾಡಿಸಿದರು. ಶಾಸನದ ತಿಂಗಳು ಫಾಲ್ಗುಣ. ಯುಗಾದಿಯಿಂದ ಶುರುವಾದ ಕೀಲಕ ಸಂವತ್ಸರ ಫಾಲ್ಗುಣಕ್ಕೆ ಮುಗಿಯುತ್ತ ಬಂದಿರುತ್ತದೆ, ಅಷ್ಟು ಹೊತ್ತಿಗೆ ಇಂಗ್ಲಿಷ್ ವರ್ಷ ಜನವರಿಯಲ್ಲಿ ಮಗುಚಿರುತ್ತದೆ. ಹಾಗಾಗಿ ಅಲ್ಲಿ 79 ಕೂಡಿಸಬೇಕು, 1129. ಒಂದೊಂದು ಪುಸ್ತಕದಲ್ಲಿ 1128 ಎಂದೂ ಒಂದೊಂದರಲ್ಲಿ 1129 ಎಂದೂ ನೋಡಿದಾಗ ನಾನು ಈಗಲೂ ಆ ಕಂಬದ ಮುಂದಿನ ಗದ್ದಲ ನೆನೆಯುತ್ತೇನೆ. ಯಾವ ಪುಸ್ತಕದ ವರ್ಷ ತೆಗೆದುಕೊಂಡೆ ಅಂತ ಆವರಣದಲ್ಲಿ ಬರೆದಿದ್ದರೆ ಓದುವವರು ವ್ಯತ್ಯಾಸದ ಬೇರನ್ನು ತಾವೇ ಹುಡುಕಬಹುದು. ಬರೆಯದಿದ್ದರೆ ನಿನ್ನ ಲೆಕ್ಕ ತಪ್ಪಿದೆಯೋ ಪುಸ್ತಕದ್ದು ತಪ್ಪಿದೆಯೋ ಯಾರಿಗೂ ಗೊತ್ತಾಗುವುದಿಲ್ಲ.

ಹಾಸನದಲ್ಲಿ ಕಾಲೇಜು ಸೇರಿದ ವರ್ಷ ನನಗೂ ಬೆಳಗೊಳದ ಕಡೆಯ ಒಬ್ಬ ಗೆಳೆಯನಿಗೂ ಜಗಳ ಬಿತ್ತು. ಚರ್ಚಾಕೂಟಕ್ಕೆ ಬರೆದ ಲೇಖನದಲ್ಲಿ ನಾನು ಮಲ್ಲಿಷೇಣ ಪ್ರಶಸ್ತಿ ಬೆಳಗೊಳದ 54ನೇ ಶಾಸನ ಎಂದಿದ್ದೆ. ಅವನು ಎದ್ದುನಿಂತು 67 ಅಂದ. ನನ್ನ ಮೇಷ್ಟ್ರು ಕಂಬ ಮುಟ್ಟಿ ತೋರಿಸಿ ಹೇಳಿದ್ದು ಎಂದು ನಾನು, ನಾನು ಪುಸ್ತಕದಲ್ಲಿ ಕಣ್ಣಾರೆ ಓದಿದ್ದು ಎಂದು ಅವನು. ಎರಡು ದಿನ ಮಾತು ಬಿಟ್ಟೆವು, ಹೋಟೆಲಿನಲ್ಲಿ ಎರಡಾಣೆಯ ಕಾಫಿಯನ್ನು ಬೇರೆ ಬೇರೆ ಮೇಜಿನಲ್ಲಿ ಕೂತು ಕುಡಿದೆವು. ಪೈಸೆ ಬಂದು ಹತ್ತು ವರ್ಷವಾಗಿದ್ದರೂ ಬಾಯಲ್ಲಿ ಆಣೆಯೇ ಇತ್ತು.

ಜಗಳ ಬಿಡಿಸಿದವರು ಲೈಬ್ರರಿಯ ಮೇಲ್ವಿಚಾರಕರು. ಎರಡು ದಪ್ಪ ಸಂಪುಟಗಳನ್ನು ತಂದು ಮೇಜಿನ ಮೇಲಿಟ್ಟರು, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಎರಡೂ ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟವೇ, ಎರಡೂ ಶ್ರವಣಬೆಳಗೊಳದ ಶಾಸನಗಳೇ. ಆದರೆ ಒಂದು 1889ರಲ್ಲಿ ಬಿ. ಎಲ್. ರೈಸ್ ಹೊರತಂದದ್ದು, ಅದರಲ್ಲಿ 144 ಶಾಸನ. ಇನ್ನೊಂದು 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿದ್ದು, ಅದರಲ್ಲಿ 500. ಹೊಸದಾಗಿ ಸಿಕ್ಕ ಶಾಸನಗಳನ್ನು ಸೇರಿಸಿ ಎಣಿಕೆಯನ್ನೇ ಮೊದಲಿನಿಂದ ಹಾಕಿದ್ದರು. ರೈಸರ 54 ನರಸಿಂಹಾಚಾರರ 67 ಆಗಿತ್ತು. ಕಂಬ ಇದ್ದಲ್ಲೇ ಇತ್ತು. ಮೇಲ್ವಿಚಾರಕರು, "ಇಬ್ಬರೂ ಸರಿ ಕಣ್ರಯ್ಯ, ವರ್ಷ ಹೇಳಿದ್ದಿದ್ರೆ ಜಗಳಾನೇ ಇರ್ತಿರ್ಲಿಲ್ಲ" ಅಂದರು. ವಿದ್ವಾಂಸರು ಈ ಶಾಸನವನ್ನು 54 ಎಂದು ಬರೆದು ಪಕ್ಕದಲ್ಲಿ ಆವರಣ ಹಾಕಿ 67 ಎಂದು ಬರೆಯುವುದನ್ನು ಆಮೇಲೆ ಎಷ್ಟೋ ಕಡೆ ನೋಡಿದೆ. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಅದೇ ಸಂಪುಟವನ್ನು ಮತ್ತೆ ಹೊರತಂದಾಗ ಶಾಸನಗಳು 573 ಆದವು.

ಆವರಣದಲ್ಲಿ ವರ್ಷ ಯಾಕೆ ಅಂತ ಮಕ್ಕಳು ಕೇಳಿದಾಗಲೆಲ್ಲ ನಾನು ಈ ಕಂಬದ ಕಥೆಯನ್ನೇ ಹೇಳಿದ್ದೇನೆ. ಮೂವತ್ತೊಂದು ವರ್ಷ ಸಮಾಜ ಪಾಠ ಹೇಳಿದವನು ನಾನು, ಬೇರೆ ಉದಾಹರಣೆ ಬೇಕಾಗಲಿಲ್ಲ. ವರ್ಷವೆಂದರೆ ನಿನ್ನ ಕೈಯಲ್ಲಿದ್ದ ಪ್ರತಿ ಅಚ್ಚಾದ ವರ್ಷ. ಶಾಸನ ಕೆತ್ತಿದ ವರ್ಷ ಅಲ್ಲ. ಮಕ್ಕಳು ಎಡವುತ್ತಿದ್ದದ್ದು ಇಲ್ಲೇ, ಎಷ್ಟೋ ಜನ ಆವರಣದಲ್ಲಿ 1129 ಎಂದು ಬರೆದು ತರುತ್ತಿದ್ದರು. ಪುಸ್ತಕದ ಹೆಸರಿನ ಪುಟವನ್ನು ಮಗುಚಿದರೆ ಹಿಂಬದಿಯಲ್ಲಿ ಮೊದಲ ಮುದ್ರಣ, ಎರಡನೆಯ ಮುದ್ರಣ ಎಂದು ಇರುತ್ತದೆ. ಪುಟದ ಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಜಾರುವುದರಿಂದ ನೀನು ಓದಿದ ಮುದ್ರಣದ್ದೇ ಬೇಕು.

ಅದೇ ಕಾಲೇಜಿನ ದಿನಗಳಲ್ಲಿ ಇನ್ನೊಂದು ಪೇಚು. ಉಪನ್ಯಾಸದಲ್ಲಿ ಕೋರವಂಗಲದ ಒಂದು ಶಾಸನದ ಮಾತು ಬಂತು. ಎರಡನೆಯ ವೀರಬಲ್ಲಾಳನ ಕಾಲದ, 1173ರ ಬೂಚೇಶ್ವರ ದೇವಸ್ಥಾನದ ಊರು ಅದು. ನಾನು ತಡವಾಗಿ ಹೋದವನು ಊರಿನ ಹೆಸರು ಕೇಳಿಸಿಕೊಳ್ಳಲಿಲ್ಲ, ಪಕ್ಕದವನ ಪುಸ್ತಕ ನೋಡಿ ಕನ್ನಡದಲ್ಲಿ ಎಚ್.ಎನ್. ಎಂದು ಬರೆದು ಸಂಖ್ಯೆ ಗೀಚಿಕೊಂಡೆ. ಎಚ್.ಎನ್. ಅಂದರೆ ಹೊಳೆನರಸೀಪುರ ತಾನೇ, ನಾನು ಓದಿದ ಊರು. ಭಾನುವಾರ ಬೆಳಿಗ್ಗೆ ರೈಲು ಹತ್ತಿ ಹೋದೆ. ಬಾಡಿಗೆ ಸೈಕಲ್ಲಿಗೆ ಗಂಟೆಗೆ ಹದಿನೈದು ಪೈಸೆ ಕೊಟ್ಟು ಬಿಸಿಲಿನಲ್ಲಿ ಮೂರು ಹಳ್ಳಿ ತಿರುಗಿದೆ. ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರು ಮಜ್ಜಿಗೆ ಕೊಟ್ಟು, "ಕಲ್ಲು ನೋಡಕ್ಕೆ ಇಷ್ಟು ದೂರ ಬಂದ್ಯಾ ಮಗ, ನಮ್ ಹಿತ್ಲಲ್ಲಿ ಬೇಕಾದಷ್ಟವೆ" ಅಂದರು. ಬೇಕಾದ ಕಲ್ಲು ಮಾತ್ರ ಹಾಸನ ಪೇಟೆಯಿಂದ ಸುಮಾರು ಹತ್ತು ಕಿಲೋಮೀಟರಿನಲ್ಲೇ ಇತ್ತು.

ಸೋಮವಾರ ರೈಸರ ಐದನೆಯ ಸಂಪುಟ ತೆಗೆಸಿ ನೋಡಿದಾಗ ಗುಟ್ಟು ತಿಳಿಯಿತು. 1902ರಲ್ಲಿ ಅಚ್ಚಾದ ಆ ಸಂಪುಟ ಹಾಸನ ಜಿಲ್ಲೆಯದು. ಪ್ರತಿ ತಾಲ್ಲೂಕಿಗೂ ಎರಡಕ್ಷರದ ಗುರುತು ಕೊಟ್ಟು ಅದರ ಮುಂದೆ ಶಾಸನದ ಸಂಖ್ಯೆ ಹಾಕಿದ್ದರು. ಅರಕಲಗೂಡಿಗೆ ಎ ಮತ್ತು ಜಿ, ಚನ್ನರಾಯಪಟ್ಟಣಕ್ಕೆ ಸಿ ಮತ್ತು ಎನ್. ಹಾಸನಕ್ಕೂ ಎಚ್ ಮತ್ತು ಎನ್, ಹೊಳೆನರಸೀಪುರಕ್ಕೂ ಎಚ್ ಮತ್ತು ಎನ್. ಎನ್ ಚಿಕ್ಕಕ್ಷರವಾದರೆ ಹಾಸನ, ದೊಡ್ಡಕ್ಷರವಾದರೆ ಹೊಳೆನರಸೀಪುರ. ಇಂಗ್ಲಿಷಿನಲ್ಲಿ ಕಣ್ಣಿಗೆ ಬೀಳುವ ಭೇದ ಅದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ, ಕನ್ನಡಕ್ಕೆ ಇಳಿಸಿದ ಕ್ಷಣದಲ್ಲಿ ಎರಡು ತಾಲ್ಲೂಕು ಒಂದಾಗಿಬಿಟ್ಟವು. ಆವತ್ತಿನಿಂದ ನಾನು ಕನ್ನಡದಲ್ಲಿ ಬರೆಯುವಾಗ ಗುರುತಿನ ಅಕ್ಷರ ಬಿಟ್ಟು ತಾಲ್ಲೂಕಿನ ಹೆಸರನ್ನೇ ಪೂರ್ತಿ ಬರೆಯುತ್ತ ಬಂದೆ. ನೀವೂ ಬರೆಯಿರಿ, ಮೂರು ಅಕ್ಷರ ಉಳಿಸಲು ಹೋಗಿ ಒಂದು ಭಾನುವಾರ ಕಳೆದುಕೊಳ್ಳಬೇಡಿ.

ಈಗ ಮೊಮ್ಮಗಳ ಪುಟಕ್ಕೆ ಬರುತ್ತೇನೆ. ಅವಳು ಮೊದಲು ಬರೆದಿದ್ದ ಪ್ಯಾರಾದಲ್ಲಿ ಬೆಳಗೊಳದ ಚಿಕ್ಕಬೆಟ್ಟದ ಕಂಬದ ಮೇಲೆ ಪ್ರಸಿದ್ಧ ಶಾಸನವಿದೆ, ಅದು 54ನೆಯದು, 1129ರದು, ಬೆಳಗೊಳದಲ್ಲಿ 500 ಶಾಸನಗಳಿವೆ ಎಂದಿತ್ತು. ಒಂದೂ ಸುಳ್ಳಲ್ಲ. ಆದರೆ 54 ಒಂದು ಪುಸ್ತಕದ್ದು, 500 ಇನ್ನೊಂದರದ್ದು, ಎರಡೂ ಒಂದೇ ಉಸಿರಿನಲ್ಲಿ ಬಂದಿದ್ದವು. 500 ಎಂದು ಹೇಳುವ ಪುಸ್ತಕದಲ್ಲಿ 54ನೆಯದನ್ನು ಹುಡುಕಿದರೆ ಬೇರೆಯೇ ಶಾಸನ ಸಿಗುತ್ತದೆ. ಎರಡೂ ಹಳೆಯ ಸಂಪುಟಗಳು ಈಗ ಸ್ಕ್ಯಾನ್ ಆಗಿ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ, ಅವಳ ಅಪ್ಪ ಲ್ಯಾಪ್‌ಟಾಪಿನಲ್ಲಿ ತೆಗೆದುಕೊಟ್ಟ. ಅಡುಗೆಮನೆಯಲ್ಲಿ ಅವಳಮ್ಮ ಹುರುಳಿಕಾಳು ಬಸಿಯುತ್ತಿದ್ದಳು, ಇಡೀ ಮನೆ ಬಸ್ಸಾರಿನ ಘಮ. ನಾವಿಬ್ಬರೂ ಕೂತು ಪ್ಯಾರಾ ತಿದ್ದಿದೆವು. ತಿದ್ದಿದ ಮೇಲೆ ಹೀಗಾಯಿತು:

"ಶ್ರವಣಬೆಳಗೊಳ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ಅಲ್ಲಿನ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಕಂಬವೊಂದರ ಮೇಲೆ ಮಲ್ಲಿಷೇಣ ಎಂಬ ಜೈನ ಮುನಿಯ ಸಲ್ಲೇಖನವನ್ನು ಹೇಳುವ ಶಾಸನವಿದೆ (ನರಸಿಂಹಾಚಾರ್, 1923, ಶಾಸನ 67). ಇದೇ ಶಾಸನಕ್ಕೆ ರೈಸ್ (1889) ಕೊಟ್ಟಿದ್ದ ಸಂಖ್ಯೆ 54. ಮುನಿ ದೇಹ ಬಿಟ್ಟದ್ದು ಶಕ 1050ರ ಫಾಲ್ಗುಣದಲ್ಲಿ (ನರಸಿಂಹಾಚಾರ್, 1923, ಶಾಸನ 67). ಫಾಲ್ಗುಣ ಮಾರ್ಚ್ ಹೊತ್ತಿಗೆ ಬರುವುದರಿಂದ 79 ಕೂಡಿಸಿದರೆ ಕ್ರಿ.ಶ. 1129 ಆಗುತ್ತದೆ. ಬೆಳಗೊಳದ ಶಾಸನಗಳ ಸಂಗ್ರಹ ಮೊದಲು 144 ಇದ್ದದ್ದು ಮೂವತ್ತನಾಲ್ಕು ವರ್ಷಗಳಲ್ಲಿ 500ಕ್ಕೆ ಏರಿತು (ರೈಸ್, 1889; ನರಸಿಂಹಾಚಾರ್, 1923). 1966ರಲ್ಲಿ ಶಾಲೆಯ ಮಕ್ಕಳು ಈ ಕಂಬ ನೋಡಲು ಚನ್ನರಾಯಪಟ್ಟಣದಿಂದ ಮೂವತ್ತೈದು ಪೈಸೆ ಕೊಟ್ಟು ಬಸ್ಸಿನಲ್ಲಿ ಬರುತ್ತಿದ್ದರು (ತಾತ, ಮಾತುಕತೆ, 14 ಡಿಸೆಂಬರ್ 2025)."

ಮೊದಲ ವಾಕ್ಯಕ್ಕೆ ಆವರಣ ಇಲ್ಲ. ಬೆಳಗೊಳ ಯಾವ ತಾಲ್ಲೂಕಿನಲ್ಲಿದೆ ಅಂತ ಬಸ್ಸಿನ ಕಂಡಕ್ಟರಿಗೂ ಗೊತ್ತು, ಅದಕ್ಕೆ ಸಾಕ್ಷಿ ಬೇಡ. ಎರಡನೆಯ ವಾಕ್ಯ ಪುಸ್ತಕ ನೋಡದೆ ಹೇಳಲಾಗದ ಮಾತು, ಅದಕ್ಕೆ ಹೆಸರು, ವರ್ಷ, ಸಂಖ್ಯೆ ಮೂರೂ ಬೇಕಾದವು. ಶಾಸನಕ್ಕೆ ಸಂಖ್ಯೆಯೇ ಸರಿಯಾದ ವಿಳಾಸ, ಹಾಗಾಗಿ ಪುಟ ಹಾಕಲಿಲ್ಲ. ಪೂರ್ಣವಿರಾಮ ಆವರಣದ ಆಚೆಗೆ ಬಂತು, ಯಾಕೆಂದರೆ ಆವರಣ ಆ ವಾಕ್ಯದ್ದೇ ಭಾಗ. ಮೊಮ್ಮಗಳು ಮೊದಲು ವಿರಾಮ ಹಾಕಿ ಆಮೇಲೆ ಆವರಣ ಬರೆದಿದ್ದಳು. ಆಗ ಅದು ಹಿಂದಿನ ವಾಕ್ಯಕ್ಕೂ ಮುಂದಿನದಕ್ಕೂ ನಡುವೆ ಜೋತಾಡುತ್ತಿತ್ತು.

ಮೂರನೆಯ ವಾಕ್ಯದಲ್ಲಿ ರೈಸ್ ಎಂಬ ಹೆಸರು ವಾಕ್ಯದೊಳಗೇ ಬಂದಿತ್ತು, ಹಾಗಾಗಿ ಆವರಣಕ್ಕೆ ವರ್ಷ ಮಾತ್ರ ಉಳಿಯಿತು. ಐದನೆಯದು ನಮ್ಮದೇ ಲೆಕ್ಕ. 79 ಎಲ್ಲಿಂದ ಬಂತೆಂದು ವಾಕ್ಯವೇ ಹೇಳುವುದರಿಂದ ಬೇರೆಯವರ ಹೆಸರು ಬೇಕಾಗಲಿಲ್ಲ. ಲೆಕ್ಕ ತಪ್ಪಿದ್ದರೆ ತಪ್ಪೂ ನಮ್ಮದೇ, ಅದನ್ನು ನರಸಿಂಹಾಚಾರರ ತಲೆಗೆ ಕಟ್ಟಬಾರದು. ಆರನೆಯದರಲ್ಲಿ ಎರಡು ಪುಸ್ತಕ ಸೇರಿ ಒಂದು ಮಾತಾಗಿತ್ತು, ಒಂದೇ ಆವರಣದಲ್ಲಿ ನಡುವೆ ಅರ್ಧವಿರಾಮ ಇಟ್ಟು ಎರಡನ್ನೂ ಬರೆದೆವು.

"ನೀವ್ ಹೇಳಿದ್ದಕ್ಕೂ ಹಾಕ್ಬೇಕಾ ತಾತ?" ಅಂತ ಕೇಳಿದಳು. ಬಸ್ಸಿನ ದರ ಯಾವ ಶಾಸನದಲ್ಲೂ ಇಲ್ಲವಲ್ಲ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಹೇಳಿದವರ ಹೆಸರು, ಮಾತುಕತೆ ಎಂಬ ಪದ, ಕೇಳಿದ ದಿನ ಬರೆಯಬೇಕು. ಇದು ಅಚ್ಚಿನಲ್ಲಿ ಇಲ್ಲದ್ದರಿಂದ ಕೊನೆಯ ಪಟ್ಟಿಯಲ್ಲಿ ಬರುವುದಿಲ್ಲ, ವಾಕ್ಯದ ಪಕ್ಕದಲ್ಲಷ್ಟೇ ಇರುತ್ತದೆ. ನಾನು ಹೇಳಿದ ಎದುರುಬದುರು ನೋಡುವ ಕ್ರಮಕ್ಕೆ ಇದೊಂದೇ ಹೊರತು. ಪ್ರತಿಯಲ್ಲಿ ತಾತ ಎಂಬ ಜಾಗಕ್ಕೆ ನನ್ನ ಪೂರ್ತಿ ಹೆಸರು ಬರೆಸಿದೆ. ತಾತ ಅವಳಿಗೆ ತಾತ, ಅವಳ ಟೀಚರಿಗೆ ಅಲ್ಲ. ಅರಕಲಗೂಡಿನ ಕಡತದಲ್ಲಿ ಪಟೇಲರ ಹೇಳಿಕೆಯ ಪಕ್ಕ ತಿಥಿ ಯಾಕಿತ್ತು ಅನ್ನುವುದನ್ನು ಅವಳಿಗೆ ಆವತ್ತು ಹೇಳಿದೆ.

ಪುಸ್ತಕದ ಮಾತನ್ನು ಹಾಗೆಹಾಗೇ ಎತ್ತಿ ಬರೆದರೆ ಉದ್ಧರಣ ಚಿಹ್ನೆಯೊಳಗೆ ಇಟ್ಟು ಪುಟದ ಸಂಖ್ಯೆಯನ್ನೂ ಕೊಡಬೇಕು. ನಮ್ಮ ಕಾಲದಲ್ಲಿ ಪುಟ ತಪ್ಪುತ್ತಿದ್ದದ್ದು ಅವಸರದಿಂದ. ಈಗ ಇನ್ನೊಂದು ದಾರಿಯಲ್ಲಿ ತಪ್ಪುತ್ತದೆ. ಸ್ಕ್ಯಾನ್ ಮಾಡಿದ ಪುಸ್ತಕ ತೆರೆದರೆ ತೆರೆಯ ಅಂಚಿನಲ್ಲಿ ಒಂದು ಸಂಖ್ಯೆ ಕಾಣುತ್ತದೆ, ಅದು ರಟ್ಟು, ಮುನ್ನುಡಿ ಎಲ್ಲವನ್ನೂ ಸೇರಿಸಿ ಕಂಪ್ಯೂಟರು ಎಣಿಸಿದ್ದು. ಕಾಗದದ ಮೇಲೆ ಅಚ್ಚಾದ ಪುಟಸಂಖ್ಯೆ ಬೇರೆ. ಮೊಮ್ಮಗಳು ತೆರೆಯ ಅಂಚಿನದನ್ನೇ ಬರೆದುಕೊಂಡಿದ್ದಳು. ಲೈಬ್ರರಿಯ ಪ್ರತಿಯಲ್ಲಿ ಆ ಪುಟ ತೆಗೆದರೆ ಬೇರೇನೋ ಇರುತ್ತಿತ್ತು.

ಇನ್ನೊಂದು ತಪ್ಪನ್ನು ನಾನು ಮೇಷ್ಟ್ರಾದ ಮೇಲೂ ಬಹಳ ದಿನ ಮಾಡಿದೆ. ಯಾವುದೋ ಪುಸ್ತಕದಲ್ಲಿ ರೈಸರ ಮಾತು ಇರುತ್ತಿತ್ತು, ನಾನು ರೈಸರನ್ನು ತೆರೆಯದೆಯೇ ರೈಸ್ ಎಂದು ಆವರಣ ಹಾಕುತ್ತಿದ್ದೆ. ಒಮ್ಮೆ ಹಾಗೆ ಬರೆದ ಸಂಖ್ಯೆಯೊಂದು ಆ ನಡುವಿನ ಪುಸ್ತಕದ ಅಚ್ಚಿನ ದೋಷ ಎಂದು ಗೊತ್ತಾದಾಗ ನಾಚಿಕೆಯಾಯಿತು, ರೈಸರು ಮಾಡದ ತಪ್ಪನ್ನು ನಾನು ಅವರ ಹೆಸರಿನಲ್ಲಿ ಸಾರಿದ್ದೆ. ಮೂಲ ಸಿಗದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆಯುವ ಕ್ರಮ ಇದೆ. ರೈಸ್ ಹೀಗೆ ಹೇಳುತ್ತಾರೆಂದು ವಾಕ್ಯದಲ್ಲಿ ಬರೆದು, ಆವರಣದಲ್ಲಿ ನೀನು ನಿಜವಾಗಿ ಓದಿದ ಪುಸ್ತಕದವರ ಹೆಸರು, ವರ್ಷ ಹಾಕಿ ಅದರ ಮುಂದೆ 'ಇವರಲ್ಲಿ ಉಲ್ಲೇಖಿತ' ಎಂದು ಸೇರಿಸುವುದು. ಕೊನೆಯ ಪಟ್ಟಿಗೂ ಆ ಓದಿದ ಪುಸ್ತಕವೇ ಹೋಗಬೇಕು. ವೆಬ್‌ಸೈಟಿನಲ್ಲಿ ಓದಿದ್ದಕ್ಕೂ ಇದೇ ಧರ್ಮ. ಬರೆದವರ ಹೆಸರಿಲ್ಲದಿದ್ದರೆ ಹೊರತಂದ ಸಂಸ್ಥೆಯ ಹೆಸರು, ವರ್ಷವಿಲ್ಲದಿದ್ದರೆ 'ದಿನಾಂಕವಿಲ್ಲ' ಎಂಬ ಪದ.

ಹೆಸರಿನ ಗೊಂದಲ ನಮ್ಮ ಕಡೆ ಇನ್ನೂ ಮುಗಿದಿಲ್ಲ. ರೈಸ್ ಎಂಬ ಹೆಸರಿನವರು ಇಬ್ಬರಿದ್ದಾರೆ, ಶಾಸನದ ಬಿ. ಎಲ್. ರೈಸ್ ಒಬ್ಬರು, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಇನ್ನೊಬ್ಬರು. ಇಬ್ಬರೂ ಬಂದ ಬರಹದಲ್ಲಿ ಇನಿಷಿಯಲ್ ಸೇರಿಸದೆ ಗತಿಯಿಲ್ಲ. ಕನ್ನಡದ ಹೆಸರುಗಳಲ್ಲಂತೂ ಕುಲನಾಮ ಎಂಬುದೇ ಇಲ್ಲದವರು ಹೆಚ್ಚು. ಹೇಮಾವತಿ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರನ್ನು ಆವರಣದಲ್ಲಿ ಅಯ್ಯಂಗಾರ್ ಎಂದು ಬರೆದರೆ ಹಾಸನ ಸೀಮೆಯಲ್ಲಿ ಯಾರೂ ಗುರುತಿಸುವುದಿಲ್ಲ, ಗೊರೂರು ಎಂದರೆ ಸಾಕು. ಆದರೆ ಕೊನೆಯ ಪಟ್ಟಿಯೂ ಆಗ ಗೊರೂರು ಎಂದೇ ಶುರುವಾಗಬೇಕು. ಎರಡು ಕಡೆ ಎರಡು ಹೆಸರಾದರೆ ಓದುವವರು ನನ್ನ ಹಾಗೆ ಬಾಡಿಗೆ ಸೈಕಲ್ ಹತ್ತಬೇಕಾಗುತ್ತದೆ.

ಪ್ಯಾರಾ ಶುದ್ಧಪ್ರತಿ ಆಗುವ ಹೊತ್ತಿಗೆ ಬಸ್ಸಾರು ಆರಿತ್ತು. ಊಟಕ್ಕೆ ಏಳುವ ಮುಂಚೆ ಅವಳು, "ತಾತ, 573 ಇರೋ ಪುಸ್ತಕದಲ್ಲಿ ಈ ಕಂಬದ ನಂಬರ್ ಎಷ್ಟು?" ಅಂದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಅದು ನೆನಪು, ನೋಡಿದ್ದಲ್ಲ. "ಶನಿವಾರ ಅರ್ಧ ದಿನ ಸ್ಕೂಲು ತಾನೇ, ಲೈಬ್ರರಿಗೆ ಹೋಗಿ ನೋಡ್ಕೊಂಡು ಬಾ" ಎಂದೆ. ಅವಳು ಒಂದು ಚೀಟಿಯಲ್ಲಿ ಪಾರ್ಶ್ವನಾಥ ಬಸದಿ, 54, 67 ಎಂದು ಬರೆದು, ಅದರ ಮುಂದೆ ಖಾಲಿ ಜಾಗ ಬಿಟ್ಟು, 1973 ಎಂದು ಬರೆದು ಚೀಟಿಯನ್ನು ಜಾಮಿಟ್ರಿ ಬಾಕ್ಸಿನೊಳಗೆ ಇಟ್ಟುಕೊಂಡಳು.